ರಾಹುಕಾಲಕ್ಕೆ ಸಿಕ್ಕ ಲೈವ್

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಅತ್ತೆ ಮಾರಾಟದ ಹೊಸ ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದರು, ನಾನು ಫೋನಿನಲ್ಲಿ ಲೈವ್ ಮಾಡುತ್ತಿದ್ದೆ. ಆಗ ನ್ಯೂಜೆರ್ಸಿಯಲ್ಲಿ ಭಾನುವಾರ ರಾತ್ರಿ ಒಂಬತ್ತೂವರೆ. ಮಕ್ಕಳನ್ನು ಮಲಗಿಸಿ ಬಂದ ಕನ್ನಡದ ಹೆಣ್ಣುಮಕ್ಕಳಿಗೆ ಸೀರೆಗಿಂತ ಅತ್ತೆಯ ಮಾತೇ ಬೇಕಿತ್ತು. "ಅಮ್ಮಾ, ಮೊಣಕಾಲು ಹೆಂಗೈತ್ರಿ?" ಎಂದು ಬರೆಯುತ್ತಿದ್ದರು.

ನವೆಂಬರಿನಲ್ಲಿ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯಿತು. ಗಡಿಯಾರ ತಿರುಗಿಸುವ ಈ ಬುದ್ಧಿ ಯಾವ ಪುಣ್ಯಾತ್ಮನದೋ! ಅವರಿಗೆ ಅದೇ ಒಂಬತ್ತೂವರೆಗೆ ಸಿಗಬೇಕೆಂದರೆ ನಾವು ಎಂಟಕ್ಕೆ ಶುರು ಮಾಡಬೇಕಿತ್ತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ.

"ರಾಹುಕಾಲದಾಗ ಹೊಸ ಸೀರಿ ಬಿಚ್ಚಾಕ ನನಗ ಮನಸ್ಸು ಬರಂಗಿಲ್ಲವ್ವಾ," ಎಂದರು ಅತ್ತೆ.

ಏಳಕ್ಕೇ ವಿಡಿಯೊ ತೆಗೆದಿಟ್ಟು ಎಂಟಕ್ಕೆ ಹಾಕತೊಡಗಿದೆ. ಹೊತ್ತೇನೋ ಸರಿಯಿತ್ತು, ಆದರೆ ಅವರು ಬರೆದ ಮಾತಿಗೆ ಅತ್ತೆಯ ಮರುಮಾತಿರಲಿಲ್ಲ. ನೋಡುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಚಳಿಗಾಲ ಮುಗಿಯುವಾಗ ಒಬ್ಬರು, ಅಮ್ಮ ಯಾಕೆ ಲೈವ್ ಬರಲ್ಲ ಎಂದು ಕೇಳಿದರು. ಕಾರಣ ಹೇಳಿದೆ. "ನಮಗದು ಭಾನುವಾರ. ನಮ್ಮ ರಾಹುಕಾಲ ಸಂಜೆಯೇ ಮುಗಿದಿರುತ್ತಲ್ಲ!" ಎಂದು ಬರೆದರು.

ಅತ್ತೆಗೆ ಅದನ್ನು ಓದಿ ಹೇಳಿದೆ. "ಉಡೋರು ಅವರು. ಅವರ ಹೊತ್ತು ನೋಡಿದ್ರ ಆಗ್ತಿತ್ತಲ್ಲವ್ವಾ," ಎಂದರು.

ಮಾರ್ಚಿನಲ್ಲಿ ಅವರ ಗಡಿಯಾರ ಮತ್ತೆ ಮುಂದೆ ಹೋಯಿತು. ನಾವು ಏಳಕ್ಕೆ ಲೈವ್ ಶುರು ಮಾಡಿದೆವು. ಯಾರೂ ಬರಲಿಲ್ಲ. ಅತ್ತೆ ಮಡಿಕೆ ಬಿಚ್ಚಿ, ಫೋನಿನತ್ತ ನೋಡಿ, ಯಾರೂ ಕೇಳದೆ ತಾವೇ ಹೇಳಿದರು: "ಮೊಣಕಾಲು ಈಗ ಆರಾಮ ಐತ್ರಿ."