ಗಾಜಿನ ಬಟ್ಟಲಿನೊಳಗಿನ ಮಂಜು

ನಿಮ್ಮ ತಾತ ಬಾಗಿಲು, ತೊಟ್ಟಿಲು, ಮಣೆ ಮಾತ್ರ ಮಾಡುತ್ತಿದ್ದರು ಎಂದು ನೀವು ತಿಳಿದಿದ್ದೀರಿ. ಅದಕ್ಕೆ ಮೊದಲು ಅವರು ಮರದ ನೆಲ ಹಾಸುತ್ತಿದ್ದರು. ಮೈಸೂರಿನಲ್ಲಿ ಆ ಕೆಲಸ ಬಲ್ಲವರು ಆಗ ಕೆಲವರೇ ಇದ್ದರು. ಅವರು ಅದನ್ನು ಬಿಟ್ಟದ್ದು ಏಕೆ ಎಂದು ಯಾರೂ ನಿಮಗೆ ಹೇಳಿಲ್ಲ. ಹೇಳಬೇಕಾದವಳು ನಾನು.

ಆಗ ನಾವು ಅಗ್ರಹಾರದ ಒಂದು ಸಂದಿಯಲ್ಲಿ, ನನ್ನ ಭಾವನವರ ಜೊತೆ ಒಂದೇ ಮನೆಯಲ್ಲಿದ್ದೆವು. ಭಾವ ಎಂದರೆ ನಿಮ್ಮ ತಾತನ ಅಣ್ಣ. ತಂದೆ ಹೋದ ಮೇಲೆ ತಮ್ಮನನ್ನು ಸಾಕಿ, ಉಳಿ ಹಿಡಿಯಲು ಕಲಿಸಿದವರು ಅವರೇ. ಮಾತು ಅವರದು, ಕೆಲಸ ತಮ್ಮನದು. ಭಾವನೇ ಮನೆ ಕಟ್ಟಿಸುವವರ ಹತ್ತಿರ ಹೋಗಿ ಕೆಲಸ ಒಪ್ಪಿಕೊಂಡು ಬರುತ್ತಿದ್ದರು. ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಅವರು ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದೆ. ನಮ್ಮಲ್ಲಿ ಸೊಸೆಯಾದವಳು ಭಾವನ ಮುಂದೆ ಹಾಗೇ ಇರಬೇಕಿತ್ತು. ನನಗೋ ಹುಟ್ಟಿನಿಂದಲೇ ಅಂಜಿಕೆ, ಆ ಕಟ್ಟಳೆ ಕಷ್ಟವೆನಿಸಲಿಲ್ಲ.

ಬನ್ನಿಮಂಟಪದ ಕಡೆ ಒಬ್ಬ ವಕೀಲರು ಹೊಸ ಮನೆ ಕಟ್ಟಿಸುತ್ತಿದ್ದರು. ಅವರಿಗೆ ಕೀಲುನೋವು. ಓದುವ ಕೋಣೆಯಲ್ಲಿ ಸಿಮೆಂಟು ನೆಲದ ತಂಪು ಕಾಲಿಗೆ ತಾಗಬಾರದೆಂದು ತೇಗದ ಹಲಗೆ ಹಾಸಿಸಬೇಕೆಂದರು. ಭಾವ ಒಪ್ಪಿಕೊಂಡು, ಆಯುಧಪೂಜೆಯ ಹೊತ್ತಿಗೆ ಮುಗಿಸಿಕೊಡುತ್ತೇವೆ ಎಂದು ಮಾತು ಕೊಟ್ಟು ಬಂದರು.

ಆ ಕೋಣೆಗೆ ಸಿಮೆಂಟು ಗಾರೆ ಎಳೆದದ್ದು ಶ್ರಾವಣದ ಮಳೆಯಲ್ಲಿ. ಒಂದು ಅಂಗುಲ ದಪ್ಪ ಒಣಗಲು ಒಂದು ತಿಂಗಳು, ಮಳೆಗಾಲವಾದರೆ ಇನ್ನೂ ಹೆಚ್ಚು ಎನ್ನುವುದು ನಿಮ್ಮ ತಾತನ ಲೆಕ್ಕ. ಮೇಲೆ ಬೆಳ್ಳಗೆ ಕಂಡರೂ ಗಾರೆಯ ಹೊಟ್ಟೆಯಲ್ಲಿ ನೀರಿರುತ್ತದೆ. ಅದನ್ನು ತಿಳಿಯಲು ಅವರು ಮೂರು ಕಡೆ ಗಾಜಿನ ಬಟ್ಟಲು ಬೋರಲು ಹಾಕಿ, ಗಾಳಿ ಆಡದಂತೆ ಅಂಚಿಗೆ ಜೇನುಮೇಣ ಮೆತ್ತಿ, ಒಂದು ಹಗಲು ಒಂದು ರಾತ್ರಿ ಬಿಡುತ್ತಿದ್ದರು. ಬಟ್ಟಲ ಒಳಗೆ ಮಂಜು ಕಟ್ಟಿದರೆ, ಅಥವಾ ಅದರಡಿಯ ಗಾರೆ ಕಪ್ಪಾದರೆ, ಹಲಗೆ ಮುಟ್ಟುತ್ತಿರಲಿಲ್ಲ.

ಭಾದ್ರಪದದಲ್ಲಿ ಬಟ್ಟಲು ಹಾಕಿದ ದಿನವೇ ಹುಣಸೂರಿಗೆ ಹೋಗಿ ತೇಗ ಆರಿಸಬೇಕಾಗಿ ಬಂತು. ಹೊರಡುವಾಗ ಅಣ್ಣನಿಗೆ ಹೇಳಿದರು.

"ಅಣ್ಣ, ನಾಳೆ ಬೆಳಿಗ್ಗೆ ಮೂರನ್ನೂ ಎತ್ತಿ ನೋಡು. ಒಂದರಲ್ಲಿ ಮಂಜಿದ್ರೂ ನಂಗೆ ಹೇಳು."

"ನಿಂಗೆ ಉಳಿ ಹಿಡಿಯೋದು ಕಲಿಸ್ದೋನಿಗೆ ಬಟ್ಲು ನೋಡೋದು ಕಲಿಸ್ತೀಯೇನೋ? ಹೋಗ್ಬುಟ್ಟು ಬಾ" ಎಂದು ಭಾವ ನಕ್ಕರು.

ಮರುದಿನ ಬೆಳಿಗ್ಗೆ ಭಾವನಿಗೆ ಬುತ್ತಿ ಕೊಟ್ಟು ಬರಲು ಓರಗಿತ್ತಿ ನನ್ನನ್ನು ಕಳಿಸಿದಳು. ಕೋಣೆಯ ಬಾಗಿಲ ಹತ್ತಿರ ಹೋದಾಗ ಭಾವ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಬಟ್ಟಲು. ಅದರ ಒಳಮೈ ಆಚೆಗಿನದು ಕಾಣದಷ್ಟು ಬೆಳ್ಳಗಿತ್ತು, ಅಂಚಿನಲ್ಲಿ ಹನಿ ಇಳಿದಿತ್ತು. ಗಾರೆಯ ಮೇಲೆ ದುಂಡಗೆ, ತಟ್ಟೆಯಷ್ಟಗಲ ಕಪ್ಪು. ಅವರು ಹೆಗಲ ಮೇಲಿನ ವಲ್ಲಿಯಿಂದ ಬಟ್ಟಲನ್ನು ಚೆನ್ನಾಗಿ ಒರೆಸಿದರು. ಆಮೇಲೆ ಆ ಕಪ್ಪಿನ ಮೇಲೆ ಅದೇ ವಲ್ಲಿಯಿಂದ ಗಾಳಿ ಹಾಕಿದರು. ಮಿಕ್ಕೆರಡನ್ನೂ ಹಾಗೇ ಮಾಡಿದರು.

ತಲೆ ಎತ್ತಿದಾಗ ನನ್ನನ್ನು ಕಂಡರು. ಗಾಬರಿಯಾಗಲಿಲ್ಲ.

"ಬುತ್ತಿ ಅಲ್ಲಿಟ್ಟು ಹೋಗಮ್ಮ. ಎಲ್ಲಾ ಒಣಗೈತೆ ಕಣಮ್ಮ" ಎಂದರು.

ನಾನು ಬುತ್ತಿ ಇಟ್ಟು ಬಂದೆ.

ಸಂಜೆ ನಿಮ್ಮ ತಾತ ಬಂದು ಅಣ್ಣನನ್ನು ಕೇಳಿದರು. ಒಣಗಿದೆ ಎಂದು ಭಾವ ಹೇಳಿದರು. ಊಟಕ್ಕೆ ಕೂತಾಗ ನಿಮ್ಮ ತಾತ ನನ್ನನ್ನೂ ಕೇಳಿದರು.

"ನೀನು ಬುತ್ತಿ ತಗೊಂಡು ಹೋಗಿದ್ಯಂತೆ. ಬಟ್ಲು ಕಣ್ಣಿಗೆ ಬಿತ್ತಾ?"

"ನಾನು ಬಾಗ್ಲ ತಂಕ ಹೋಗಿದ್ದಷ್ಟೆ" ಎಂದೆ.

ಅದು ಸುಳ್ಳಲ್ಲ, ನಿಜವೂ ಅಲ್ಲ. ಸಾಕಿದ ಅಣ್ಣನ ಮೇಲೆ ತಮ್ಮನಿಗೆ ದೂರು ಹೇಳುವ ಬಾಯಿ ನನಗಿರಲಿಲ್ಲ. ನನಗೆ ಬಾಯಿಲ್ಲ ಎಂಬುದನ್ನು ನಂಬಿಯೇ ಭಾವ ನನ್ನೆದುರಿಗೆ ಬಟ್ಟಲು ಒರೆಸಿದ್ದು. ಅದು ನನಗೆ ಹೊಳೆಯಲು ತಿಂಗಳುಗಳು ಬೇಕಾದವು.

ಗಾರೆಗೆ ಡಾಂಬರು ಕಾಯಿಸಿ ಬಳಿದು, ಅದರ ಮೇಲೆ ತೆಳು ಮರದ ರೀಪು ಕೂರಿಸಿ, ರೀಪಿನ ಮೇಲೆ ಹಲಗೆ ಹೊಡೆದರು. ಹಲಗೆ ಹಿಗ್ಗಿದರೆ ಜಾಗವಿರಲೆಂದು ಸುತ್ತ ಗೋಡೆಗೆ ಅರ್ಧ ಅಂಗುಲ ಬಿಟ್ಟು, ಪಟ್ಟಿಯಿಂದ ಮುಚ್ಚಿದರು. ಆಯುಧಪೂಜೆಯ ದಿನ ವಕೀಲರು ಬರಿಗಾಲಲ್ಲಿ ನಡೆದು ನೋಡಿ, "ಭೇಷ್ ಆಚಾರ್ರೇ" ಎಂದರಂತೆ. ಆ ಮಾತನ್ನು ನಿಮ್ಮ ತಾತ ಮನೆಗೆ ಬಂದು ಮೂರು ಸಲ ಹೇಳಿದರು.

ದೀಪಾವಳಿ ಕಳೆದ ಮೇಲೆ ವಕೀಲರ ಆಳು ಬಂದು ಇಬ್ಬರನ್ನೂ ಕರೆದುಕೊಂಡು ಹೋದ. ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಗಿ, ನೆಲ ಹೆಂಚು ಅಂಗಾತ ಜೋಡಿಸಿದ ಹಾಗಾಗಿತ್ತಂತೆ. ವಕೀಲರು ಕಾಲು ಎಡವಿ ಬಿದ್ದಿದ್ದರು. ನಿಮ್ಮ ತಾತ ಒಂದು ಹಲಗೆ ಕಿತ್ತರು. ಡಾಂಬರು ಗಾರೆಗೆ ಹಿಡಿದೇ ಇರಲಿಲ್ಲ, ಹಾಲಿನ ಕೆನೆಯ ಹಾಗೆ ಎದ್ದು ಬಂತು. ಅಡಿಯ ಗಾರೆ ಕಪ್ಪಗೆ, ಒದ್ದೆ.

ವಕೀಲರು ಕೇಳಿದರಂತೆ: "ಒಣಗಿದ್ದನ್ನ ನೋಡಿದೋರು ಯಾರಯ್ಯ?"

ಭಾವ ಕೈ ಮುಗಿದು, "ಬಟ್ಲು ನೋಡೋದು ಯಾವಾಗ್ಲೂ ನನ್ ತಮ್ಮನ ಕೆಲ್ಸ ಸ್ವಾಮಿ. ಹಬ್ಬಕ್ಕೆ ಮುಗಿಸ್ಬೇಕು ಅಂತ ಆತುರ ಬಿದ್ಬುಟ್ಟ" ಎಂದರು.

ನಿಮ್ಮ ತಾತ ಅಣ್ಣನ ಮುಖ ನೋಡಿದರಂತೆ. ಅಣ್ಣ ಸುಳ್ಳು ಹೇಳುತ್ತಿದ್ದಾರೆ ಎಂದು ಅಲ್ಲಿ ಹೇಳಿದರೆ ಅಣ್ಣನ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನದು. ಅವರು ಹೇಳಲಿಲ್ಲ. ಇದನ್ನೆಲ್ಲ ಆ ಸಂಜೆ ಕೈಕಾಲು ತೊಳೆಯದೆ ಜಗುಲಿಯ ಮೇಲೆ ಕೂತು ನನಗೆ ಹೇಳಿದರು. "ಬಟ್ಲಲ್ಲಿ ಮಂಜು ಇದ್ದಿದ್ರೆ ಅಣ್ಣನಿಗೆ ಕಾಣ್ದೆ ಇರ್ತಿತ್ತಾ?" ಎಂದು ತಮಗೆ ತಾವೇ ಕೇಳಿಕೊಂಡರು. ಆಗಲೂ ಅವರು ಅಣ್ಣನನ್ನು ಬಿಟ್ಟುಕೊಟ್ಟಿರಲಿಲ್ಲ.

ಆಗ ನಾನು ಕಂಡದ್ದನ್ನು ಹೇಳಿದೆ. ವಲ್ಲಿಯಿಂದ ಒರೆಸಿದ್ದು, ಗಾಳಿ ಹಾಕಿದ್ದು, ಎಲ್ಲ.

ಅವರು ಎದ್ದು ಹೋಗಿ ಕೈಕಾಲು ತೊಳೆದು ಬಂದರು. ಆಮೇಲೆ, "ನಾನು ನಿನ್ನ ಕೇಳಿದ್ನಲ್ಲ" ಎಂದರು. ಅಷ್ಟೆ. ಬೈದಿದ್ದರೆ ಅಳಬಹುದಿತ್ತು.

ಮಾರನೆಯ ದಿನ ಯಾರಿಗೂ ಹೇಳದೆ ವಕೀಲರ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ, ಅವರ ಹೆಂಡತಿಗೆ ನಡೆದದ್ದು ನಡೆದ ಹಾಗೆ ಹೇಳಿದೆ. ನನ್ನ ಜನ್ಮದಲ್ಲಿ ಅಪರಿಚಿತರೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆಕೆ ಕಾಫಿಬೀಜ ಹುರಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಗಂಡನ್ನ ಬಿಡಿಸ್ಕೊಳ್ಳೋಕೆ ಬಂದಿದ್ದೀಯ, ತಪ್ಪಲ್ಲ ಬಿಡು" ಎಂದರು. "ನೀನು ಕಂಡಿದ್ದು ನಿಜವಾಗಿದ್ರೆ ಹಲಗೆ ಹೊಡೆಯೋಕೆ ಮುಂಚೆ ಹೇಳ್ತಿದ್ದೆ ಕಣಮ್ಮ."

ನಾನು ಬಂದ ದಾರಿಯಲ್ಲೇ ಮನೆಗೆ ಹೊರಟೆ.

ಆ ನೆಲವನ್ನು ನಿಮ್ಮ ತಾತ ಪೂರ್ತಿ ಕಿತ್ತರು. ಚಳಿಗಾಲವೆಲ್ಲ ಕಿಟಕಿ ತೆರೆದು ಒಣಗಲು ಬಿಟ್ಟು, ಬೇಸಿಗೆಯಲ್ಲಿ ಹೊಸ ಹಲಗೆ ತಂದು ಒಬ್ಬರೇ ಹಾಸಲು ನಿಂತರು. ಅಷ್ಟರಲ್ಲಿ ನಾವು ಬೇರೆ ಮನೆ ಮಾಡಿದ್ದೆವು. ಭಾವ ಇನ್ನೊಬ್ಬ ಆಚಾರಿಯನ್ನು ಇಟ್ಟುಕೊಂಡು ವಕೀಲರ ಬೀದಿಯಲ್ಲೇ ಎರಡು ಕೆಲಸ ಹಿಡಿದಿದ್ದರು. ತಮ್ಮ ಆತುರಗಾರ, ಅಣ್ಣ ಜವಾಬ್ದಾರ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತ್ತು. ಆಮೇಲೆ ಮರದ ನೆಲಕ್ಕೆಂದು ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಹೊಸ ಹಲಗೆ ಹೊಡೆಯುವ ಮುಂಚಿನ ದಿನ ನಾನು ಬುತ್ತಿ ತೆಗೆದುಕೊಂಡು ಹೋದೆ. ನಿಮ್ಮ ತಾತ ಬಟ್ಟಲುಗಳನ್ನು ಆಗಷ್ಟೇ ಎತ್ತುತ್ತಿದ್ದರು. ವಕೀಲರ ಮನೆಯ ಅಡಿಗೆಯವರನ್ನು ಸಾಕ್ಷಿಗೆಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು.

"ನೀವೇ ನೋಡಿ ಸ್ವಾಮಿ. ಮಂಜು ಐತಾ? ಕೈ ಹಾಕಿ ನೋಡಿ, ಪಸೆ ಐತಾ?"

"ಏನಿಲ್ಲ ಕಣ್ರೀ, ಒಣಾ ಒಣ" ಎಂದರು ಅವರು.

ಬಾಗಿಲಲ್ಲಿದ್ದ ನನ್ನನ್ನು ನಿಮ್ಮ ತಾತ ಕಂಡರು. ಬಂದು ಬುತ್ತಿ ತೆಗೆದುಕೊಂಡರು. ಒಳಗೆ ಬಂದು ನೋಡು ಎನ್ನಲಿಲ್ಲ.