ಚಿಲಕ ಹಾಕಿಕೊಂಡ ಇಂಟರ್‌ವ್ಯೂ

ಮೊದಲ ಇಂಟರ್‌ವ್ಯೂ ಹಾಲ್‌ನಲ್ಲಿ ಕೂತು ಕೊಟ್ಟು ಕೆಟ್ಟೆ. ಕಿಟಕಿ ಬೆನ್ನ ಹಿಂದಿದ್ದುದರಿಂದ ಫೋನಿನ ಪರದೆಯಲ್ಲಿ ಮುಖ ಬಾಣಲೆಯ ತಳದಂತೆ ಕಪ್ಪಾಗಿತ್ತು. ನಡುವೆ ತಂಗಿಯ ಫೋನ್ ಬಂದು ವೀಡಿಯೊ ನಿಂತಿತು. ಅದು ಸರಿಹೋಗುವಷ್ಟರಲ್ಲಿ ಅತ್ತೆ ಬಗ್ಗಿ ಇಣುಕಿ, "ಹುಣಿಸೆಹಣ್ಣು ನೆನೆಹಾಕಿದ್ಯೇನೇ?" ಎಂದರು. ಆ ಕೆಲಸ ಅಲ್ಲಿಗೇ ಮುಗಿಯಿತು.

ಹದಿನೈದು ದಿನಕ್ಕೆ ಇನ್ನೊಂದು ಕಂಪನಿ ಕರೆಯಿತು. ಮನೆಯಿಂದಲೇ ಕನ್ನಡದ ಗ್ರಾಹಕರಿಗೆ ಫೋನಿನಲ್ಲಿ ಉತ್ತರ ಕೊಡುವ ಕೆಲಸ. ಚೆನ್ನೈಯಲ್ಲಿ ನನ್ನ ಕನ್ನಡಕ್ಕೆ ಸಂಬಳ! ಇದನ್ನು ಬಿಡುವವಳು ನಾನಲ್ಲ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಯಾರೂ ನುಗ್ಗದ ಕೋಣೆ ಒಂದೇ, ಮುಟ್ಟಾದಾಗ ನಾನು ಮೂರು ದಿನ ದೂರ ಕೂರುವ ಹಿಂದಿನ ಕೋಣೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಲ್ಲಿರುವಾಗ ನನ್ನನ್ನಾಗಲಿ, ನನ್ನ ಫೋನನ್ನಾಗಲಿ ಯಾರೂ ಮುಟ್ಟುವುದಿಲ್ಲ.

ಇಂಟರ್‌ವ್ಯೂ ದಿನ ಬೆಳಿಗ್ಗೆ, "ನಾನು ದೂರ" ಎಂದುಬಿಟ್ಟೆ.

"ಇಷ್ಟು ಸೀಕ್ರಮಾ? ಈಗತಾನೇ ನೀರು ಹಾಕ್ಕೊಂಡ್ಯಲ್ಲೇ!" ಎಂದು ಅತ್ತೆ ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಕೇಳಿ, ಬೆರಳು ಮಡಿಚಿ ದಿನ ಎಣಿಸಿದರು. ನಾನು ಹಿಂದಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದೆ.

ಈ ಸಲ ಕಿಟಕಿಗೆ ಎದುರಾಗಿ ಕುರ್ಚಿ ಹಾಕಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿದೆ. ಸ್ಟೂಲಿನ ಮೇಲೆ ಹಳೆಯ ಟ್ರಂಕು, ಅದರ ಮೇಲೆ ಒಂದರ ಮೇಲೊಂದು ದಪ್ಪ ಪುಸ್ತಕ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವ ತನಕ. ಫೋನನ್ನು ಅಡ್ಡಲಾಗಿ ನಿಲ್ಲಿಸಿ, ಆ ದಿನಗಳಿಗೆಂದೇ ಎತ್ತಿಟ್ಟ ನನ್ನ ತಂಬಿಗೆಗೆ ಒರಗಿಸಿದೆ. ಜಾರದಂತೆ ಕೆಳಗೆ ಟವೆಲ್. ಚಾರ್ಜರ್ ಚುಚ್ಚಿ, ಕರೆಗಳು ನಡುವೆ ಬರದಂತೆ 'ಡು ನಾಟ್ ಡಿಸ್ಟರ್ಬ್' ಒತ್ತಿದೆ. ವೈರಿನ ಇಯರ್‌ಫೋನಿನ ಮೈಕು ಸೆರಗಿಗೆ ಉಜ್ಜದಂತೆ ಪಿನ್ನು ಹಾಕಿದೆ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿದರೆ ಫ್ಯಾನಿನದೇ ಗದ್ದಲ. ಆರಿಸಿದೆ. ಬೆವರಿದರೆ ಬೆವರಲಿ.

ಇಂಟರ್‌ವ್ಯೂ ಚೆನ್ನಾಗಿಯೇ ಸಾಗಿತು. ಕೊನೆಗೆ ಇಂಟರ್‌ವ್ಯೂ ಮಾಡುತ್ತಿದ್ದ ಹೆಂಗಸು ಕೇಳಿದರು: "ದಿನಾ ಎಂಟು ಗಂಟೆ, ಹೀಗೇ ಸದ್ದಿಲ್ಲದ ರೂಮು ನಿಮಗೆ ಸಿಗುತ್ತಾ? ಅದಿಲ್ಲದೆ ಕೆಲಸ ಕೊಡೋಕಾಗಲ್ಲ."

"ಸಿಗುತ್ತೆ ಮೇಡಂ. ಇದು ನನ್ನದೇ ರೂಮು" ಎಂದೆ.

"ಹಾಗಾದರೆ ಸೋಮವಾರ ಶುರುಮಾಡಿ."

ಚಿಲಕ ತೆಗೆದು ನೇರ ಅಡುಗೆಮನೆಗೆ ಹೋದೆ. ಅತ್ತೆ ಸೌಟು ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದರು.

"ನಾನು ದೂರ ಇಲ್ಲಮ್ಮಾ. ಸುಳ್ಳು ಹೇಳಿದೆ."

"ಛೀ! ಇದರಲ್ಲೂ ಪೊಯ್ ಹೇಳ್ತಾರೇನೇ?"

"ಕೆಲಸಕ್ಕೆ ರೂಮು ಬೇಕು ಅಂದಿದ್ರೆ ಕೊಡ್ತಿದ್ರಾ?"

ಅವರು ಸೌಟನ್ನು ಒಲೆಯ ಪಕ್ಕ ಇಟ್ಟರು. ನನಗೆ ಪಾಪ ಅನ್ನಿಸಲಿಲ್ಲ, ಹಗುರ ಅನ್ನಿಸಿತು.

"ಸೋಮವಾರದಿಂದ ದಿನಾ ಆ ರೂಮು ನನಗೆ ಬೇಕು. ಮುಂದಿನ ತಿಂಗಳು ನಿಜವಾಗ್ಲೂ ಆದಾಗಲೂ ಅಲ್ಲಿ ಕೆಲಸ ಮಾಡ್ತೀನಿ. ಮುಗಿಸಿ ಇಲ್ಲಿಗೇ, ಅಡುಗೆಮನೆಗೇ ಬರ್ತೀನಿ."

ಅವರ ಮುಖ ನೋಡುತ್ತಲೇ, ಆ ದಿನಗಳಲ್ಲಿ ನಾನು ಮುಟ್ಟಕೂಡದ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದೆ.