ಖಾಲಿ ಭಾನುವಾರಗಳು

ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳನ್ನು ಕರೆದು "ನಿನಗೆ ಕಲಿಸಲು ಬರುತ್ತದೆಯೇ, ಪರೀಕ್ಷೆ ಬರೆದು ತೋರಿಸು" ಎಂದರೆ ಯಾರಿಗೆ ಮೈ ಉರಿಯುವುದಿಲ್ಲ? ಸತ್ಯಭಾಮಾಳಿಗೆ ಉರಿಯಿತು. ಹೈದರಾಬಾದಿನ ಹಳೆಯ ಬಡಾವಣೆಯೊಂದರ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆ ಅವಳದು. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಅಂಥ ಮಕ್ಕಳ ಕೈಗೆ ಬಳಪ ಹಿಡಿಸಿ ಹಿಡಿಸಿ ಅವಳ ಕೂದಲು ಬೆಳ್ಳಗಾಗತೊಡಗಿದ್ದವು. ಅಷ್ಟರಲ್ಲಿ ನ್ಯಾಯಾಲಯದ ತೀರ್ಪು ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದ ಶಿಕ್ಷಕರೆಲ್ಲ ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಲೇಬೇಕು. ಇಲ್ಲದಿದ್ದರೆ ನೌಕರಿಗೆ ಕೈ ಮುಗಿಯಬೇಕು. ಸತ್ಯಭಾಮಾಳಿಗೆ ಇನ್ನೂ ಹದಿನಾಲ್ಕು ವರ್ಷ ಸೇವೆಯಿತ್ತು. ಮುಖ್ಯೋಪಾಧ್ಯಾಯ ಮಹೇಶಕುಮಾರರಿಗೆ ನಾಲ್ಕೇ ವರ್ಷ ಉಳಿದಿತ್ತು. ಅವರು ತೀರ್ಪಿನ ಸುದ್ದಿಯನ್ನು ಚಹಾ ಕುಡಿಯುತ್ತ ಗಟ್ಟಿಯಾಗಿ ಓದಿ, "ನಾ ಬಚಾವ್ ಆದೆ ನೋಡ್ರಿ ಮೇಡಂ" ಎಂದು ನಕ್ಕಿದ್ದರು.

ಸಿಟ್ಟು ಎಷ್ಟಿದ್ದರೂ ಪರೀಕ್ಷೆಗೆ ಅರ್ಜಿ ಹಾಕಲೇಬೇಕಾಯಿತು. ಗಂಡ ಮಲ್ಲಣ್ಣ ಸಿಕಂದರಾಬಾದ್ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಅವನ ಅಣ್ಣನ ಮಗ ವಿಶ್ವಜಿತ್ ಅಮೀರ್‌ಪೇಟೆಯ ಕೋಚಿಂಗ್ ಸೆಂಟರೊಂದರಲ್ಲಿ ಪಾಠ ಹೇಳುತ್ತಿದ್ದ. ಅವನು ಒಂದು ಸಂಜೆ ಮನೆಗೆ ಬಂದು, ಮೊದಲು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಅವಳ ಮುಂದಿಟ್ಟ.

"ಕಾಕಿ, ಏನೂ ಓದದೆ ಇದನ್ನ ಬರೀರಿ. ಎಲ್ಲಿ ಸೋರಾಕತ್ತೈತಿ ಅಂತ ಗೊತ್ತಾಗ್ಲಿ" ಎಂದ.

ಐದು ಭಾಗ, ಒಂದೊಂದಕ್ಕೆ ಮೂವತ್ತು ಪ್ರಶ್ನೆ. ಶಿಶು ವಿಕಾಸ, ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ವಿಜ್ಞಾನ. ನೂರೈವತ್ತರಲ್ಲಿ ಅವಳಿಗೆ ಬಂದದ್ದು ಐವತ್ತೆಂಟು. ಹಿಂದುಳಿದ ವರ್ಗದ ಅವಳಿಗೆ ಪಾಸಾಗಲು ಬೇಕಾದದ್ದು ಎಪ್ಪತ್ತೈದು. ಸತ್ಯಭಾಮಾ ಆ ಹಾಳೆಯನ್ನು ಮಗುಚಿಟ್ಟು, ಒಳಗೆ ಹೋಗಿ ಒಗ್ಗರಣೆ ಹಾಕಿದಳು. ವಿಶ್ವಜಿತ್ ಅವಳನ್ನು ಕೆಣಕಲಿಲ್ಲ. ದೊಡ್ಡ ಹಾಳೆಯೊಂದನ್ನು ನೆಲದ ಮೇಲೆ ಹರಡಿ ಗೆರೆ ಎಳೆಯತೊಡಗಿದ.

ಪರೀಕ್ಷೆಗೆ ಎಂಟು ವಾರವಿತ್ತು. ಐದು ವಿಷಯಕ್ಕೆ ಐದು ಸಮಪಾಲು ಮಾಡಿ ಹಂಚಲು ಅವನೇನು ಪ್ರಸಾದ ಹಂಚುತ್ತಿರಲಿಲ್ಲ. ಅವಳಿಗೆ ತೀರ ಕಡಿಮೆ ಬಂದದ್ದು ಗಣಿತ ಮತ್ತು ಶಿಶು ವಿಕಾಸದಲ್ಲಿ. ಅವೆರಡನ್ನು ದಿನಾ ಬೆಳಿಗ್ಗೆ ಇಟ್ಟ. ಇಂಗ್ಲಿಷ್ ಮತ್ತು ಪರಿಸರವನ್ನು ಸಂಜೆಗೆ ದಿನ ಬಿಟ್ಟು ದಿನ ಹಾಕಿದ. ಚೆನ್ನಾಗಿ ಬಂದಿದ್ದ ಕನ್ನಡಕ್ಕೆ ವಾರದಲ್ಲಿ ಎರಡು ಸಂಜೆ ಅರ್ಧರ್ಧ ಗಂಟೆ ಮಾತ್ರ, ಅದೂ ವ್ಯಾಕರಣಕ್ಕೆ. ಒಂದು ವಾರ ಪೂರ್ತಿ ಗಣಿತ, ಮುಂದಿನ ವಾರ ಪೂರ್ತಿ ಇಂಗ್ಲಿಷ್ ಎಂದು ಮಾಡಿದರೆ ಪರೀಕ್ಷೆ ಬರುವ ಹೊತ್ತಿಗೆ ಮೊದಲಿನದೆಲ್ಲ ಮರೆತಿರುತ್ತದೆ ಎಂದ. ಐದು ವಾರದಲ್ಲಿ ಪಾಠವೆಲ್ಲ ಮುಗಿಯಬೇಕು. ಆರನೆಯ ವಾರ ಎಲ್ಲದರ ಪುನರಾವರ್ತನೆ, ಕೊನೆಗೆ ಒಂದು ಪತ್ರಿಕೆ. ಕೊನೆಯ ಎರಡು ವಾರ ಗಡಿಯಾರ ಮುಂದಿಟ್ಟುಕೊಂಡು ಒಂದು ದಿನ ಹಳೆಯ ಪತ್ರಿಕೆ ಬರೆಯುವುದು, ಮರುದಿನ ಅದರಲ್ಲಿ ತಪ್ಪಿದ್ದನ್ನು ತಿದ್ದಿಕೊಳ್ಳುವುದು.

ಭಾನುವಾರದ ಚೌಕಗಳನ್ನು ಮಾತ್ರ ಅವನು ಖಾಲಿ ಬಿಟ್ಟ.

"ಇದ್ಯಾಕೋ ಖಾಲಿ?" ಎಂದು ಕೇಳಿದಳು.

"ಇವು ಖಾಲಿ ಅಲ್ಲ ಕಾಕಿ. ವಾರದಾಗ ಒಂದಿನ ಶಾಲ್ಯಾಗ ಮೀಟಿಂಗ್ ಬರ್ತೈತಿ, ಒಂದಿನ ಜ್ವರ ಬರ್ತೈತಿ. ಉಳಿದಿದ್ದು ಭಾನುವಾರ ಮುಗಿಸಬೇಕು. ಇದನ್ನ ಕಳಕೊಂಡ್ರ ಪ್ಲಾನ್ ಕುಸೀತೈತಿ. ಗ್ಯಾನ ಇರ್ಲಿ."

ಅವನು ಅಷ್ಟು ಹೇಳಿ ಹೋದ. ಸತ್ಯಭಾಮಾ ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಅಲ್ಲೇ ಅವಳು ಕೆಟ್ಟದ್ದು. ನಿನ್ನ ಬಳಿ ಏನಿದೆ ಎಂದು ನಾಲ್ಕು ಜನರಿಗೆ ಕಾಣುವಂತೆ ಗೋಡೆಗೆ ಹಚ್ಚಿದ ಮೇಲೆ ಕೈ ಹಾಕದೆ ಬಿಡುತ್ತಾರೆಯೇ?

ಮೊದಲ ಕೈ ಗಂಡನದು. ಮಲ್ಲಣ್ಣ ಕೆಟ್ಟವನಲ್ಲ. ಹೆಂಡತಿ ಓದುತ್ತಾಳೆಂದು ಟಿವಿಯ ದನಿ ತಗ್ಗಿಸುವಷ್ಟು ಒಳ್ಳೆಯವನು. ಅವನು ಚಹಾ ಹಿಡಿದು ಗೋಡೆಯ ಮುಂದೆ ನಿಂತು, ಹಾಳೆಯನ್ನು ರೈಲಿನ ವೇಳಾಪಟ್ಟಿ ನೋಡುವಂತೆ ನೋಡಿದ.

"ಭಾನುವಾರ ಖಾಲಿ ಐತಲ್ಲ. ನಮ್ಮ ಆಫೀಸಿನವ್ರನ್ನ ಊಟಕ್ಕ ಕರೀತೀನಿ. ಭಾಳ ದಿನದಿಂದ ಕೇಳಾಕತ್ತಾರ" ಎಂದ.

"ಅದು ಖಾಲಿ ಅಲ್ರಿ..." ಎನ್ನುವಷ್ಟರಲ್ಲಿ ಅವನು ಫೋನು ಹಚ್ಚಿಯಾಗಿತ್ತು. ಹೋಳಿಗೆ, ಎಣ್ಣೆಗಾಯಿ, ಆರು ಜನರ ಎಂಜಲು ತಟ್ಟೆ. ಮೊದಲ ವಾರ ಉಳಿದಿದ್ದ ಭಿನ್ನರಾಶಿ ಹಾಗೇ ಉಳಿಯಿತು.

ಎರಡನೆಯ ಕೈ ಮುಖ್ಯೋಪಾಧ್ಯಾಯರದು. ಮನೆಮನೆ ಸಮೀಕ್ಷೆಗೆ ಶಾಲೆಯಿಂದ ಒಬ್ಬರನ್ನು ಕೊಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಶಾಲೆಯಲ್ಲಿದ್ದ ಇನ್ನೊಬ್ಬ ಶಿಕ್ಷಕ ನಿತಿನ. ಹೊಸ ಹುಡುಗ, ಟಿಇಟಿ ಪಾಸಾಗಿಯೇ ಬಂದವನು, ಓಡಾಡಲು ಬೈಕ್ ಇದ್ದವನು. ಸಮೀಕ್ಷೆ ಅವನ ಪಾಲಿಗೆ ಹೋಗಲಿ ಎಂದು ಕೇಳಲು ಸತ್ಯಭಾಮಾ ಅರ್ಜಿ ಬರೆದಳು. ಸರಕಾರಿ ನೌಕರಿಯ ರೂಢಿ ನೋಡಿ, ಆಧಾರವಿಲ್ಲದೆ ಅರ್ಜಿ ಕೊಡಬಾರದಲ್ಲ! ಗೋಡೆಯ ಮೇಲಿನ ಪ್ಲಾನಿನ ಝೆರಾಕ್ಸ್ ಜೊತೆಗಿಟ್ಟಳು. ನೇಣಿಗೆ ತನ್ನ ಕುತ್ತಿಗೆಯ ಅಳತೆಯನ್ನು ತಾನೇ ಕೊಟ್ಟಂತಾಯಿತು.

ಮಹೇಶಕುಮಾರರು ಕನ್ನಡಕ ಏರಿಸಿ ಚೌಕಗಳ ಮೇಲೆ ಪೆನ್ನು ಆಡಿಸಿದರು. "ಛಂದ ಮಾಡೀರ್ರಿ. ಸೋಮವಾರದಿಂದ ಶನಿವಾರ ತುಂಬೈತಿ, ಒಪ್ಪಿದೆ. ಭಾನುವಾರ ಆರಾಮ್ ಐತಲ್ರಿ ಮೇಡಂ. ಸಮೀಕ್ಷೆ ಭಾನುವಾರವೇ, ಜನ ಮನ್ಯಾಗ ಸಿಗೋದು ಅವತ್ತೇ."

"ಸರ್, ವಾರದಾಗ ಉಳಿದಿದ್ದನ್ನ ಓದಾಕ ಅದು ಬಿಟ್ಟಿದ್ದು."

"ಹಂಗಂತ ಇದರಾಗ ಬರೆದಿಲ್ಲಲ್ರಿ."

"ನಿತಿನ ಅವ್ರನ್ನ ಕೇಳ್ರಿ. ಅವ್ರಿಗೆ ಪರೀಕ್ಷೆ ಇಲ್ಲ."

"ಅಂವ ಆಗಂಗಿಲ್ಲ ಅಂದ."

ಎಂಥ ಮಾತು! ಕಾರಣ ಕೊಡದೆ 'ಆಗಂಗಿಲ್ಲ' ಎಂದವನು ಬಿಡುಗಡೆಯಾದ. ಎಂಟು ವಾರದ ಲೆಕ್ಕ ಕೊಟ್ಟವಳು ಸಿಕ್ಕಿಬಿದ್ದಳು. ಸಮೀಕ್ಷೆಯ ಚೀಲ ಹೆಗಲಿಗೇರಿಸಿಕೊಂಡು ಬಂದಳು.

ಮುಂದಿನ ನಾಲ್ಕು ಭಾನುವಾರ ಅವಳು ಕಂಡವರ ಮನೆ ಮೆಟ್ಟಿಲು ಹತ್ತಿ ಇಳಿದಳು. ತೆಲುಗಿನಲ್ಲಿ ಒಬ್ಬರ ಹೆಸರು ಕೇಳಿ, ಹಿಂದಿಯಲ್ಲಿ ಇನ್ನೊಬ್ಬರ ಕಸುಬು ಕೇಳಿ, ಸಂಜೆ ಮನೆಗೆ ಬಂದು ಗೋಡೆ ನೋಡಿದರೆ ಹಿಂದಿನ ವಾರದ ಬಾಕಿ ಈ ವಾರದ ಹೆಗಲೇರಿ ಕೂತಿರುತ್ತಿತ್ತು. ಶೇಕಡಾ ಲೆಕ್ಕ ಹಾಕಲು ಭಿನ್ನರಾಶಿ ಬರಬೇಕು. ಲಾಭ-ನಷ್ಟಕ್ಕೆ ಶೇಕಡಾ ಬರಬೇಕು. ಮೊದಲನೆಯದೇ ಉಳಿದರೆ ಮುಂದಿನದು ಓದಿದರೂ ಒಂದೇ, ಬಿಟ್ಟರೂ ಒಂದೇ. ಕನ್ನಡದಲ್ಲಿ ಗೈಡ್ ಹುಡುಕಿ ಅವಳು ಕೋಠಿಯ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿದ್ದೂ ವ್ಯರ್ಥವಾಯಿತು. ಎಲ್ಲೆಲ್ಲೂ ತೆಲುಗಿನವೇ. ಕಡೆಗೆ ಕಲಬುರಗಿಯಿಂದ ಬಸ್ಸಿನಲ್ಲಿ ತರಿಸಿಕೊಂಡಳು.

ಆರನೆಯ ವಾರದ ಕೊನೆಗೆ ವಿಶ್ವಜಿತ್ ಇಟ್ಟ ಪತ್ರಿಕೆಯಲ್ಲಿ ಅವಳಿಗೆ ಎಪ್ಪತ್ತೊಂದು ಬಂತು. ನಾಲ್ಕು ಕಡಿಮೆ. ತಪ್ಪಿದ್ದನ್ನು ಒಂದೊಂದೇ ಹಿಡಿದು ಪ್ಲಾನಿಗೆ ಹೊಂದಿಸಿ ನೋಡಿದಳು. ಗಣಿತದಲ್ಲಿ ಹೋದವು ಬಹುಪಾಲು ಭಿನ್ನರಾಶಿ ಮತ್ತು ಅದರ ಬೆನ್ನಿಗೆ ಬಂದವು. ಶಿಶು ವಿಕಾಸದಲ್ಲಿ ಹೋದವು ಸಮೀಕ್ಷೆಯ ನಡುವೆ ಬಾಕಿಯಾದ ಎರಡು ಪಾಠದವು. ದಡ್ಡತನದಿಂದ ಹೋದ ಅಂಕಗಳಲ್ಲ ಅವು. ಒಂದಷ್ಟು ಆ ಔತಣಕ್ಕೆ ಹೋದವು, ಇನ್ನಷ್ಟು ಮಹೇಶಕುಮಾರರ ಪೆನ್ನಿಗೆ ಹೋದವು.

ಅದೇ ಹೊತ್ತಿಗೆ ಮಲ್ಲಣ್ಣ ಬಂದ. ಅವನ ತಂಗಿ ಶೈಲಾ ಬೀದರಿನಲ್ಲಿ ಮನೆ ಕಟ್ಟಿಸಿದ್ದಳು. ಏಳನೆಯ ವಾರದಲ್ಲಿ ವಾಸ್ತುಶಾಂತಿ.

"ನಾಕು ದಿನ ಹೋಗಿ ಬರೂಣು. ಹೆಂಗೂ ಮುಂದಿನ ಎರಡು ವಾರದಾಗ ಹೊಸಾ ಪಾಠ ಏನಿಲ್ಲಲ್ಲ. ಬರೇ ಹಳೇದು ಹೊಳ್ಳಿ ಬರಿಯೋದು" ಎಂದ.

ಸತ್ಯಭಾಮಾ ಕೈಲಿದ್ದ ಪತ್ರಿಕೆಯನ್ನು ಅವನ ಮುಂದೆ ಚಾಚಿದಳು.

"ನಾಕು ಅಂಕ ಕಡಿಮಿ ಬಂದಾವ್ರಿ. ನಿಮ್ಮವ್ರಿಗೆ ಬಡಿಸಿದ ಹೋಳಿಗ್ಯಾಗ ಎಷ್ಟು ಹೋದವು, ಸರ್ ಕೊಟ್ಟ ಚೀಲದಾಗ ಎಷ್ಟು ಹೋದವು, ನಾ ಹೇಳ್ತೀನಿ, ಕುಂದ್ರಿ. ಈ ನೌಕರಿ ಹೋದ್ರ ಮನಿ ಬಾಡಿಗಿ ನಿಮ್ಮ ತಂಗಿ ಕೊಡ್ತಾಳೇನು? ಎಲ್ಲಾರೂ ನನ್ನ ದಿನ ಕಂಡ ಕೂಡ್ಲೇ ಖಾಲಿ ಅಂತೀರಿ. ನಿಮ್ಮ ಸ್ಟೇಷನ್ನಿನಾಗ ರೈಲು ಬರದ ಹೊತ್ತಿನಾಗ ಯಾರರೆ ಹಳಿ ಕಿತ್ತುಕೊಂಡು ಹೋಗ್ತಾರೇನ್ರಿ?"

ಮಲ್ಲಣ್ಣನ ಮುಖ ಸಪ್ಪಗಾಯಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಇಷ್ಟು ಉದ್ದದ ಮಾತನ್ನು ಅವನು ಕೇಳಿರಲಿಲ್ಲ. ಪತ್ರಿಕೆಯನ್ನು ಅವಳ ಕೈಗೇ ಹಿಂದಿರುಗಿಸಿ, "ನಾ ಒಬ್ಬನ ಹೋಗಿ ಬರ್ತೀನಿ" ಎಂದ.

ಮರುದಿನ ಶಾಲೆಯಲ್ಲಿ ಇನ್ನೊಂದು ಕಾದಿತ್ತು. ಸಮೀಕ್ಷೆ ಹಿಂದೆ ಬಿದ್ದಿದೆ, ಇನ್ನು ದಿನಾ ಸಂಜೆ ಹೋಗಬೇಕು ಎಂದರು ಮಹೇಶಕುಮಾರರು. ಝೆರಾಕ್ಸ್ ಪ್ರತಿ ಅವರ ಮೇಜಿನ ಗಾಜಿನಡಿಯೇ ಇತ್ತು. ಅದರ ಮೇಲೆ ಬೆರಳಿಟ್ಟು, "ನಿಮ್ದು ಪೋರ್ಷನ್ ಮುಗದೈತಲ್ರಿ, ಈಗ ಬರೇ ರಿವಿಜನ್" ಎಂದರು.

ಸತ್ಯಭಾಮಾ ಚೀಲವನ್ನು ಹೆಗಲಿನಿಂದಿಳಿಸಿ ಆ ಗಾಜಿನ ಮೇಲೆ ಇಟ್ಟಳು.

"ಆಗಂಗಿಲ್ಲ ಸರ್."

"ಹಂಗಂದ್ರ ಹೆಂಗ್ರಿ? ಕಾರಣ?"

"ಕಾರಣ ಕೊಟ್ಟಿದ್ದಕ್ಕ ನನ್ನ ಭಾನುವಾರ ಹೋದವು. ಇನ್ನ ಕೊಡಂಗಿಲ್ಲ."

"ಮೆಮೊ ಕೊಡಬೇಕಾಗ್ತೈತಿ."

"ಕೊಡ್ರಿ. ಪರೀಕ್ಷೆ ಆದಮ್ಯಾಲ ಉತ್ತರ ಬರೀತೀನಿ. ಅಲ್ಲಿತನ ನನಗ ಬರಿಯೂ ಕೆಲಸ ಬ್ಯಾರೇ ಐತಿ."

ಮೆಮೊ ಬಂತು. ಚೀಲ ನಿತಿನನ ಬೈಕಿನ ಮೇಲೆ ಹೋಯಿತು. ಅವನಿಗೇನೂ ಕಷ್ಟವಾದಂತೆ ಕಾಣಲಿಲ್ಲ.

ವಿಶ್ವಜಿತ್ ಉಳಿದ ಎರಡು ವಾರಕ್ಕೆ ಹೊಸದಾಗಿ ಗೆರೆ ಎಳೆದ. ಎಲ್ಲವನ್ನೂ ಓದುವ ಆಸೆ ಬೇಡ ಎಂದ. ಪತ್ರಿಕೆಗಳ ಸಂಖ್ಯೆ ಅರ್ಧಕ್ಕಿಳಿಸಿ, ಉಳಿದ ಬೆಳಿಗ್ಗೆಗಳನ್ನು ಭಿನ್ನರಾಶಿಗೂ ಆ ಎರಡು ಪಾಠಕ್ಕೂ ಕೊಟ್ಟ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಬಿಡದೆ ಗುರುತು ಹಾಕಬೇಕೆಂದು ತಾಕೀತು ಮಾಡಿದ. ಭಾನುವಾರವನ್ನು ಈ ಸಲವೂ ಖಾಲಿ ಬಿಟ್ಟ. ಆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದವರನ್ನು ಬೀದರಿನಿಂದ ಮರಳಿದ್ದ ಮಲ್ಲಣ್ಣನೇ ಹೊರಗೆ ನಿಂತು ಮಾತಾಡಿ ಕಳಿಸಿದ.

ಫಲಿತಾಂಶ ಬಂದಾಗ ಸತ್ಯಭಾಮಾಳಿಗೆ ಎಂಬತ್ತಮೂರು ಅಂಕ. ನೌಕರಿ ಉಳಿಯಿತು. ಶಾಲೆಯಲ್ಲಿ ಪೇಢೆ ತರಿಸಿದವರು ಮಹೇಶಕುಮಾರರೇ. ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಮಕ್ಕಳೆದುರು, ನಿತಿನನೆದುರು, ತಾವೇ ಓದಿಸಿ ಪಾಸು ಮಾಡಿಸಿದವರಂತೆ ನಕ್ಕರು.

"ಸುಮ್ಮನ ಗಾಬರಿ ಆಗಿದ್ರಿ ಮೇಡಂ. ನೋಡ್ರಿ, ಕಡೀಗೆ ಓದಾಕ ಟೈಮ್ ಸಿಕ್ತಲ್ಲ!"

ಸತ್ಯಭಾಮಾ ಪೇಢೆಯ ಡಬ್ಬಿಯನ್ನು ಮಕ್ಕಳ ಕಡೆ ಸರಿಸಿದಳು.

"ಸಿಗಲಿಲ್ಲ ಸರ್," ಎಂದಳು. "ನಿಮ್ಮ ಕೈಯಾಗಿಂದ ಕಸಗೊಂಡೆ."